‘ಬಡ್ಡಿ ಇಲ್ಲದ ಕಂತು’ ಎಂದು ಸಹಿ ಹಾಕುವ ಮುನ್ನ ನಗದಿನ ಬೆಲೆ ಕೇಳಿ

ದೀಪಾವಳಿ ಹತ್ತಿರವಾದಂತೆ ಮುಂಬಯಿಯ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಮುಂದೆ ಶೂನ್ಯ ಬಡ್ಡಿಯ ಫಲಕಗಳು ಏಳುತ್ತವೆ. ಡೊಂಬಿವಲಿಯಲ್ಲಿರುವ ನನ್ನ ತಂಗಿ ಕಳೆದ ಹಬ್ಬಕ್ಕೆ ಅಂಥದೊಂದು ಅಂಗಡಿಯಿಂದ ಫ್ರಿಜ್ ತಂದಳು. ಆ ಕಂತಿನ ಕಾಗದಗಳನ್ನು ಮುಂದಿಟ್ಟುಕೊಂಡು ನಾನು ಲೆಕ್ಕ ಹಾಕಿದಾಗ ಬಂದ ಉತ್ತರ ಕಂಡು ಸಿಟ್ಟು ಬಂತು. ಬೇರೆಯವರಿಗೆ ಹೀಗಾಗಬಾರದೆಂದು ಪೂರ್ತಿ ಬರೆಯುತ್ತಿದ್ದೇನೆ.

ಫ್ರಿಜ್‌ನ ಬೆಲೆ 36,000 ರೂಪಾಯಿ. ತಿಂಗಳಿಗೆ 3,000ದಂತೆ ಹನ್ನೆರಡು ಕಂತು, ಬಡ್ಡಿ ಸೊನ್ನೆ. ಇಷ್ಟನ್ನು ಅಂಗಡಿಯವನು ಬಾಯಿತುಂಬ ಹೇಳಿದ. ನಾಲ್ಕು ಕಂತುಗಳನ್ನು ಅಲ್ಲೇ ಮುಂಗಡವಾಗಿ ಕಟ್ಟಬೇಕು, ಜೊತೆಗೆ ಪ್ರೊಸೆಸಿಂಗ್ ಶುಲ್ಕ 800, ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 944 ರೂಪಾಯಿ ಎಂಬುದು ಬಿಲ್ ಮಾಡುವಾಗ ಗೊತ್ತಾಯಿತು. ಅದೇ ವಾರ ಪಕ್ಕದ ಮನೆಯವರು ಅದೇ ಅಂಗಡಿಯಲ್ಲಿ ಅದೇ ಮಾದರಿಯ ಫ್ರಿಜ್ಜಿಗೆ ಒಮ್ಮೆಗೇ ಹಣ ಕೊಟ್ಟು 33,000ಕ್ಕೆ ತಂದಿದ್ದರು.

ಈ 3,000ದ ವ್ಯತ್ಯಾಸವೇ ಎಲ್ಲದರ ಮೂಲ. ಇಂಥ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ನಮ್ಮೂರಿನವರೊಬ್ಬರು ಬಿಡಿಸಿ ಹೇಳಿದರು: “ಸಾಲದ ಕಂಪನಿ ಧರ್ಮಕ್ಕೆ ದುಡ್ಡು ಕೊಡುತ್ತದೆಯೇ ಅಣ್ಣ? ಅವರ ಬಡ್ಡಿಯನ್ನು ಅಂಗಡಿಯೋ ತಯಾರಕರೋ ಮೊದಲೇ ಮುರಿದು ಕೊಡುತ್ತಾರೆ. ಕಂತಿನ ಗಿರಾಕಿಗೆ ರಿಯಾಯಿತಿ ಸಿಗದಿರುವುದು ಅದಕ್ಕೇ.” ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. ಬಡ್ಡಿಯನ್ನು ಶುಲ್ಕದೊಳಗೆ ಅಡಗಿಸುವುದನ್ನೂ ಅದು ಆಕ್ಷೇಪಿಸಿತ್ತು. ಆದರೂ ಫಲಕಗಳು ಇಳಿದಿಲ್ಲ.

ಈಗ ನಿಜವಾದ ಲೆಕ್ಕ. ತಂಗಿ ಅಂದು ಕೊಟ್ಟದ್ದು ನಾಲ್ಕು ಕಂತಿನ 12,000 ಮತ್ತು ಶುಲ್ಕದ 944, ಒಟ್ಟು 12,944. ನಗದಿನ ಬೆಲೆ 33,000 ಆದ್ದರಿಂದ ಅವಳಿಗೆ ನಿಜವಾಗಿ ಬೇಕಾಗಿದ್ದ ಸಾಲ 20,056 ಮಾತ್ರ. ಅದಕ್ಕೆ ಎಂಟು ತಿಂಗಳಲ್ಲಿ ತೀರಿಸಬೇಕಾದದ್ದು 24,000. ಹೆಚ್ಚಿಗೆ ಹೋದದ್ದು 3,944. ಇಪ್ಪತ್ತು ಸಾವಿರಕ್ಕೆ ನಾಲ್ಕು ಸಾವಿರ, ಶೇ. 20 ಅಷ್ಟೇ ತಾನೇ ಎಂದುಕೊಳ್ಳಬೇಡಿ. ಅಸಲು ಪ್ರತಿ ತಿಂಗಳೂ ಕರಗುತ್ತಾ ಬರುತ್ತದೆ. ಪೂರ್ತಿ ಹಣ ಅವಳ ಕೈಯಲ್ಲಿದ್ದದ್ದು ಮೊದಲ ತಿಂಗಳು ಮಾತ್ರ. ಮೊಬೈಲಿನ ಯಾವುದೇ ಸ್ಪ್ರೆಡ್‌ಶೀಟ್ ಆ್ಯಪ್‌ನಲ್ಲಿ ಹೀಗೆ ಬರೆದು ನೋಡಿ:

```
=RATE(8,-3000,20056)*12
```

ಮೊದಲನೆಯದು ಬಾಕಿ ಕಂತುಗಳ ಸಂಖ್ಯೆ, ಎರಡನೆಯದು ಕಂತು, ಮೂರನೆಯದು ನಿಜವಾದ ಸಾಲ. ಉತ್ತರ ವರ್ಷಕ್ಕೆ ಶೇ. 50! ಒಳ್ಳೆಯ ಬ್ಯಾಂಕಿನ ವೈಯಕ್ತಿಕ ಸಾಲಕ್ಕೆ ಸಾಮಾನ್ಯವಾಗಿ ಇದರ ಅರ್ಧದಷ್ಟೂ ಬಡ್ಡಿ ಬೀಳುವುದಿಲ್ಲ. ಅಂಗಡಿಯಲ್ಲಿ ನಿಂತಲ್ಲೇ ಅಂದಾಜು ಬೇಕಿದ್ದರೆ, ಹೆಚ್ಚಿಗೆ ಹೋಗುವ ಹಣವನ್ನು 24ರಿಂದ ಗುಣಿಸಿ. ಅದನ್ನು ನಿಜವಾದ ಸಾಲದಿಂದ ಭಾಗಿಸಿ, ಬಂದದ್ದನ್ನು ಬಾಕಿ ಕಂತುಗಳ ಸಂಖ್ಯೆಗೆ ಒಂದು ಸೇರಿಸಿ ಅದರಿಂದ ಭಾಗಿಸಿ. ಇಲ್ಲಿ 0.52 ಬರುತ್ತದೆ, ಅಂದರೆ ಶೇ. 52. ಸತ್ಯಕ್ಕೆ ಸಾಕಷ್ಟು ಹತ್ತಿರ.

2024ರ ಅಕ್ಟೋಬರ್‌ನಿಂದ ಇಂಥ ಚಿಲ್ಲರೆ ಸಾಲಗಳಿಗೆ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ಹಾಳೆ ಕೊಡುವುದು ಕಡ್ಡಾಯ. ಶುಲ್ಕಗಳೂ ಸೇರಿದ ವಾರ್ಷಿಕ ದರ ಅದರಲ್ಲಿ ‘ಎಪಿಆರ್’ ಎಂಬ ಹೆಸರಿನಲ್ಲಿರುತ್ತದೆ. ತಂಗಿಯ ಹಾಳೆಯಲ್ಲಿ ಅದು ಶೇ. 11ರ ಆಸುಪಾಸು ಇತ್ತು. ಸುಳ್ಳಲ್ಲ. ಆದರೆ ಸಾಲ ಕೊಟ್ಟವರು ತಾವು ವಸೂಲು ಮಾಡಿದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಅಂಗಡಿಯಲ್ಲಿ ಕೈತಪ್ಪಿದ 3,000ದ ರಿಯಾಯಿತಿ ಅಲ್ಲಿ ಕಾಣುವುದಿಲ್ಲ. ಆದ್ದರಿಂದ ಕಂತಿನ ಮಾತೆತ್ತುವ ಮೊದಲೇ “ಈಗಲೇ ಪೂರ್ತಿ ಹಣ ಕೊಟ್ಟರೆ ಎಷ್ಟಕ್ಕೆ ಬಿಡುತ್ತೀರಿ?” ಎಂದು ಕೇಳಿ, ಎರಡು ಅಂಗಡಿಗಳಲ್ಲಿ ಕೇಳಿ. ಎರಡೂ ಕಡೆ ಒಂದು ರೂಪಾಯಿಯನ್ನೂ ಇಳಿಸದಿದ್ದರೆ, ಶುಲ್ಕವೂ ಇಲ್ಲದಿದ್ದರೆ, ಆ ಕಂತು ನಿಜಕ್ಕೂ ಲಾಭದ್ದೇ; ತೆಗೆದುಕೊಳ್ಳಿ.

ತಂಗಿಯ ಕಷ್ಟ ಅಲ್ಲಿಗೇ ಮುಗಿಯಲಿಲ್ಲ. ಕಂತು ಖಾತೆಯಿಂದ ತಾನಾಗಿ ಕಡಿತವಾಗುವುದು 3ನೇ ತಾರೀಕು, ಅವಳ ಸಂಬಳ ಬರುವುದು 7ಕ್ಕೆ. ಖಾತೆಯಲ್ಲಿ ಹಣ ಸಾಲದೆ ಎರಡು ಕಂತು ಹಿಂತಿರುಗಿದವು. ಪ್ರತಿ ಸಲವೂ ಸಾಲದ ಕಂಪನಿ 450, ಅವಳ ಬ್ಯಾಂಕ್ 590 ರೂಪಾಯಿ ಕಿತ್ತುಕೊಂಡವು. ಮೂರು ಸಾವಿರದ ಕಂತಿಗೆ ಸಾವಿರದ ನಲವತ್ತು ದಂಡ! ತಾರೀಕು ಬದಲಿಸಿ ಎಂದರೆ ಒಪ್ಪಂದವಾದ ಮೇಲೆ ಆಗುವುದಿಲ್ಲ ಎಂದರು. ಸಹಿಗೆ ಮುಂಚೆ ಕಡಿತದ ತಾರೀಕನ್ನು ಸಂಬಳದ ನಂತರಕ್ಕೆ ಹಾಕಿಸಿಕೊಳ್ಳಿ. ಅವರು ಒಪ್ಪದಿದ್ದರೆ ಮೊದಲ ದಿನವೇ ಒಂದು ಕಂತಿನಷ್ಟು ಹಣವನ್ನು ಆ ಖಾತೆಯಲ್ಲಿ ಹೆಚ್ಚುವರಿಯಾಗಿ ಇಟ್ಟುಬಿಡಿ. ಹಾಳೆಯಲ್ಲಿ ನಮೂದಿಸದ ಶುಲ್ಕವನ್ನು ಕಂಪನಿ ಹೇರಿದರೆ ಮೊದಲು ಅವರಿಗೇ ಬರಹದಲ್ಲಿ ದೂರು ಕೊಡಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ cms.rbi.org.in ತಾಣದಲ್ಲಿ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು, ಅದಕ್ಕೆ ಶುಲ್ಕವಿಲ್ಲ.