ಜಿಎಎ ಪುಡಿ: ಕೆಲಸ ಮಾಡುತ್ತದೆ, ಆದರೆ ಬಿ12 ಕಡಿಮೆ ಇರುವವರಿಗಲ್ಲ

ರೇಟಿಂಗ್: 5ಕ್ಕೆ 2

ನಾನು ಸಾಗರದ ಕಡೆಯವನು, ಈಗ ಶಿವಮೊಗ್ಗದಲ್ಲಿ ಇದ್ದೇನೆ. ಹುಟ್ಟು ಸಸ್ಯಾಹಾರಿ. ಕಳೆದ ಮಳೆಗಾಲದಿಂದ, ಸ್ನಾಯುಗಳಿಗೆ ಶಕ್ತಿ ಒದಗಿಸುವ ಕ್ರಿಯೇಟಿನ್ ಬದಲು ಗ್ವಾನಿಡಿನೋಅಸೆಟಿಕ್ ಆಸಿಡ್, ಅಂದರೆ ಜಿಎಎ, ತಗೊಳ್ಳುತ್ತಿದ್ದೆ. ಈಗ ನಿಲ್ಲಿಸಿದ್ದೇನೆ. ಯಾಕೆ ಅಂತ ಹೇಳುತ್ತೇನೆ, ಯಾಕೆಂದರೆ ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ, ಹಾಗಾಗಿ ನಮ್ಮ ಕಡೆಯ ಜನಕ್ಕೆ ಇದು ಬೇರೆಯವರಿಗಿಂತ ಜಾಸ್ತಿ ಸಂಬಂಧಪಟ್ಟ ವಿಷಯ.

ಜಿಮ್‌ನಲ್ಲಿ ನನಗೆ ಇದನ್ನು ಹೇಳಿದ ಹುಡುಗನ ಮಾತು ಹೀಗಿತ್ತು: "ಸಾರ್, ಕ್ರಿಯೇಟಿನ್ ಮಾಂಸದಿಂದ ತೆಗೀತಾರೆ. ಇದು ಪಕ್ಕಾ ವೆಜ್." ಈ ಮಾತು ಮಲೆನಾಡಿನಲ್ಲಿ ಚೆನ್ನಾಗಿ ನಡೆಯುತ್ತದೆ. ಆದರೆ ಸರಿಯಲ್ಲ. ಮಾಂಸದಲ್ಲಿ ಕ್ರಿಯೇಟಿನ್ ಇರುವುದು ಹೌದು. ಆದರೆ ಡಬ್ಬಿಯಲ್ಲಿ ಬರುವ ಕ್ರಿಯೇಟಿನ್ ಮೊನೊಹೈಡ್ರೇಟ್ ಕಾರ್ಖಾನೆಯಲ್ಲಿ ಸಾರ್ಕೊಸಿನ್ ಮತ್ತು ಸಯನಮೈಡ್ ಅನ್ನುವ ಎರಡು ರಾಸಾಯನಿಕ ಸೇರಿಸಿ ಮಾಡಿದ್ದು. ಜಿಎಎ ಕೂಡ ಹಾಗೇ, ಅಲ್ಲಿ ಸಾರ್ಕೊಸಿನ್ ಜಾಗದಲ್ಲಿ ಗ್ಲೈಸಿನ್. ಎರಡಕ್ಕೂ ಪ್ರಾಣಿಗೂ ಸಂಬಂಧವಿಲ್ಲ. ನೋಡಬೇಕಾದ್ದು ಕ್ಯಾಪ್ಸೂಲ್ ಚಿಪ್ಪನ್ನು. ಅದು ಜೆಲಾಟಿನ್ ಆಗಿದ್ದರೆ ಒಳಗೆ ಏನೇ ಇದ್ದರೂ ಸಸ್ಯಾಹಾರವಲ್ಲ.

ಪುಡಿಯ ಬಗ್ಗೆ ಎರಡು ಮಾತು. ನೀರಿಗೆ ಹಾಕಿ ಎಷ್ಟು ಕಲಕಿದರೂ ಲೋಟದ ತಳದಲ್ಲಿ ಬಿಳಿ ಮರಳಿನ ಹಾಗೆ ಕೂರುತ್ತದೆ. ಕ್ರಿಯೇಟಿನ್ ಕರಗುವುದೇ ಕಷ್ಟ, ಇದು ಅದಕ್ಕಿಂತ ಕಷ್ಟ. ಬಿಸಿನೀರಿಗೆ ಹಾಕಿದರೆ ಸ್ವಲ್ಪ ವಾಸಿ. ಆಗಸ್ಟ್ ಮಳೆಯಲ್ಲಿ ಡಬ್ಬಿಯೊಳಗೇ ಗಂಟು ಕಟ್ಟಿತು, ಚಮಚದ ಹಿಂಭಾಗದಲ್ಲಿ ಕುಟ್ಟಿ ತೆಗೆಯಬೇಕಾಯಿತು. ಗಂಟು ಕಟ್ಟಿದ ಪುಡಿಯನ್ನು ಚಮಚದಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ, ಸಣ್ಣ ತಕ್ಕಡಿ ಇಟ್ಟುಕೊಳ್ಳಿ.

ಈಗ ಮುಖ್ಯ ವಿಷಯ. ನಮ್ಮ ದೇಹ ಕ್ರಿಯೇಟಿನ್ ಮಾಡಿಕೊಳ್ಳುವುದು ಎರಡು ಹಂತದಲ್ಲಿ. ಮೊದಲು ಮುಖ್ಯವಾಗಿ ಮೂತ್ರಪಿಂಡದಲ್ಲಿ ಆರ್ಜಿನಿನ್ ಮತ್ತು ಗ್ಲೈಸಿನ್ ಸೇರಿ ಜಿಎಎ ಆಗುತ್ತದೆ. ಅದು ರಕ್ತದಲ್ಲಿ ಲಿವರ್‌ಗೆ ಹೋಗಿ, ಅಲ್ಲಿ ಒಂದು ಮೀಥೈಲ್ ಗುಂಪು ಸೇರಿಕೊಂಡು ಕ್ರಿಯೇಟಿನ್ ಆಗುತ್ತದೆ. ಮೊದಲ ಹಂತಕ್ಕೆ ಕಡಿವಾಣ ಇದೆ. ದೇಹದಲ್ಲಿ ಕ್ರಿಯೇಟಿನ್ ಸಾಕಷ್ಟಿದ್ದರೆ ಆ ಹಂತ ತಾನಾಗಿ ನಿಧಾನವಾಗುತ್ತದೆ. ಹಾಗಾಗಿಯೇ ಆರ್ಜಿನಿನ್, ಗ್ಲೈಸಿನ್, ಮೆಥಿಯೊನಿನ್ ಸೇರಿಸಿ "ನೈಸರ್ಗಿಕ ಕ್ರಿಯೇಟಿನ್ ಬೂಸ್ಟರ್" ಅಂತ ಮಾರುವ ಮಾತ್ರೆಗಳ ಮೇಲೆ ನನಗೆ ನಂಬಿಕೆಯಿಲ್ಲ. ಕಚ್ಚಾ ಮಾಲು ಜಾಸ್ತಿ ಕೊಟ್ಟ ಮಾತ್ರಕ್ಕೆ ತಯಾರಿ ಜಾಸ್ತಿ ಆಗುವುದಿಲ್ಲ. ಜಿಎಎ ಹಾಗಲ್ಲ, ಅದು ಆ ಕಡಿವಾಣದ ಆಚೆಗೇ ಹೋಗಿ ಬೀಳುತ್ತದೆ. ಕೆಲಸ ಮಾಡುವುದೂ ಅದಕ್ಕೇ, ತೊಂದರೆ ಇರುವುದೂ ಅದರಲ್ಲೇ.

ತೊಂದರೆ ಏನು ಅಂದರೆ ಆ ಮೀಥೈಲ್ ಗುಂಪು. ಜಿಎಎಯ ಒಂದೊಂದು ಅಣು ಕ್ರಿಯೇಟಿನ್ ಆದಾಗಲೂ ಒಂದು ಮೀಥೈಲ್ ಖರ್ಚಾಗುತ್ತದೆ, ಹಿಂದೆ ಹೋಮೊಸಿಸ್ಟೀನ್ ಅನ್ನುವ ಅಮೈನೊ ಆಮ್ಲದ ಒಂದು ಅಣು ಉಳಿಯುತ್ತದೆ. ಅದನ್ನು ಮತ್ತೆ ಬಳಸಿಕೊಳ್ಳಲು ಅಥವಾ ಹೊರಹಾಕಲು ಬಿ12, ಫೋಲೇಟ್, ಬಿ6, ಬೀಟೇನ್ ಬೇಕು. ದೇಹ ತಾನಾಗಿ ದಿನಕ್ಕೆ ಮಾಡಿಕೊಳ್ಳುವ ಕ್ರಿಯೇಟಿನ್ ಹೆಚ್ಚುಕಡಿಮೆ 1ರಿಂದ 2 ಗ್ರಾಂ. ಸಸ್ಯಾಹಾರಿಗೆ ಊಟದಿಂದ ಬರುವುದು ಇಲ್ಲವೇ ಇಲ್ಲ ಅನ್ನಬಹುದು, ಹಾಗಾಗಿ ಅವನ ದೇಹ ಮೊದಲೇ ಜಾಸ್ತಿ ದುಡಿಯುತ್ತಿರುತ್ತದೆ. ಅದರ ಮೇಲೆ ದಿನಕ್ಕೆ 2.4 ಗ್ರಾಂ ಜಿಎಎ ಹಾಕಿದರೆ, ಅಷ್ಟೂ ಕ್ರಿಯೇಟಿನ್ ಆದಲ್ಲಿ, ಸುಮಾರು 2.7 ಗ್ರಾಂ ಆಗುತ್ತದೆ. ಅಂದರೆ ದಿನದ ಮಾಮೂಲಿ ಕೆಲಸಕ್ಕಿಂತ ಜಾಸ್ತಿ ಹೊರೆ. ಅದೇ ಕ್ರಿಯೇಟಿನ್ ತಿಂದರೆ ಉಲ್ಟಾ: ದೇಹದ ತಯಾರಿ ಕಮ್ಮಿಯಾಗಿ ಮೀಥೈಲ್ ಉಳಿಯುತ್ತದೆ.

ಇದು ಬರೀ ಲೆಕ್ಕಾಚಾರದ ಮಾತಲ್ಲ. ಸರ್ಬಿಯಾದ ನೋವಿ ಸಾಡ್ ವಿಶ್ವವಿದ್ಯಾಲಯದ ಸೆರ್ಗೆಯ್ ಓಸ್ಟೊಯಿಚ್ ಅವರ ತಂಡ ಜಿಎಎಯನ್ನು ಆರೋಗ್ಯವಂತರಿಗೆ ಕೊಟ್ಟು ನೋಡಿದೆ. 2013ರಲ್ಲಿ ಬಂದ ಒಂದು ಪ್ರಯೋಗದಲ್ಲಿ ಬರೀ ಜಿಎಎ ತಗೊಂಡ ಹಲವರ ಹೋಮೊಸಿಸ್ಟೀನ್ ಮಿತಿ ದಾಟಿತು. ಜೊತೆಗೆ ಬೀಟೇನ್ ಮತ್ತು ಬಿ ವಿಟಮಿನ್‌ಗಳನ್ನು ಕೊಟ್ಟ ಗುಂಪಿನಲ್ಲಿ ಅದು ಆಗಲಿಲ್ಲ.

ನಾನು ಶುರು ಮಾಡುವ ಮೊದಲೇ ರಕ್ತ ಪರೀಕ್ಷೆ ಮಾಡಿಸಿದ್ದೆ. ಬಿ12 ಕೆಳಮಟ್ಟದಲ್ಲಿ, ಹೋಮೊಸಿಸ್ಟೀನ್ 13. ಸಾಮಾನ್ಯವಾಗಿ 15ರ ಒಳಗೆ ಇದ್ದರೆ ಸರಿ ಅಂತಾರೆ. ಜಿಎಎ ಶುರು ಮಾಡಿ ಎರಡು ತಿಂಗಳು ದಾಟಿದ ಮೇಲೆ ಅದು 22 ಆಗಿತ್ತು. ಮೈಯಲ್ಲಿ ಏನೂ ಗೊತ್ತಾಗಲಿಲ್ಲ. ತಲೆನೋವಿಲ್ಲ, ಸುಸ್ತಿಲ್ಲ. ಪರೀಕ್ಷೆ ಮಾಡಿಸದಿದ್ದರೆ ತಿಳಿಯುತ್ತಲೇ ಇರಲಿಲ್ಲ. ಡಾಕ್ಟರ್ ಬಿ12 ಇಂಜೆಕ್ಷನ್ ಕೊಟ್ಟರು, ನಾನು ಜಿಎಎ ಬಿಟ್ಟೆ, ಅದು 11ಕ್ಕೆ ಇಳಿಯಿತು. ಎರಡನ್ನೂ ಒಟ್ಟಿಗೆ ಮಾಡಿದ್ದರಿಂದ ಯಾವುದರ ಪಾಲು ಎಷ್ಟು ಅಂತ ಹೇಳಲಾಗದು. ಹೋಮೊಸಿಸ್ಟೀನ್ ಜಾಸ್ತಿ ಇರುವವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಂಡುಬರುತ್ತದೆ. ಆದರೆ ವಿಟಮಿನ್ ಕೊಟ್ಟು ಅದನ್ನು ಇಳಿಸಿದರೆ ಹೃದಯಾಘಾತ ಕಡಿಮೆಯಾಗುತ್ತದೆ ಅಂತ ದೊಡ್ಡ ಪ್ರಯೋಗಗಳಲ್ಲಿ ಸಾಬೀತಾಗಿಲ್ಲ. ಹಾಗಾಗಿ ಹೆದರಿಸಲು ಇದನ್ನು ಬರೆಯುತ್ತಿಲ್ಲ. ಬಿ12 ಕೊರತೆ ಇರುವ ಮೈಗೆ ಬೇಡದ ಭಾರ ಹೇರುವುದು ಯಾಕೆ ಅಂತ ಅಷ್ಟೇ.

ಹಾಗಾದರೆ ಲಾಭ? ತೂಕ ಸ್ವಲ್ಪ ಏರಿತು, ಬೆಂಚ್ ಪ್ರೆಸ್‌ನಲ್ಲಿ ಕೊನೆಯ ಒಂದೆರಡು ಸಲ ಎತ್ತುವುದು ಸಲೀಸಾಯಿತು. ಅದೇ ತಂಡದ ಇನ್ನೊಂದು ಪ್ರಯೋಗದಲ್ಲೂ ಕೈಹಿಡಿತದ ಶಕ್ತಿ ಹೆಚ್ಚಿದ್ದು ಕಂಡಿದೆ. ಆದರೆ ಡಬ್ಬಿಯ ಮೇಲೆ "ಕ್ರಿಯೇಟಿನ್‌ಗಿಂತ ಹಲವು ಪಟ್ಟು ಪರಿಣಾಮಕಾರಿ" ಅಂತ ಇದೆಯಲ್ಲ, ಅದರ ಹಿಂದಿನ ಕಥೆ ಕೇಳಿ. 2016ರಲ್ಲಿ ಜಿಎಎ ಮತ್ತು ಕ್ರಿಯೇಟಿನ್ ಎರಡನ್ನೂ ಕೊಟ್ಟು, ಸ್ಕ್ಯಾನ್ ಮಾಡಿ, ಸ್ನಾಯು ಮತ್ತು ಮೆದುಳಿನ ಕ್ರಿಯೇಟಿನ್ ಅಳೆದರು. ಜಿಎಎಯೇ ಮೇಲುಗೈ ಸಾಧಿಸಿತು. ಭಾಗವಹಿಸಿದ್ದು ಬರೀ 5 ಜನ! ಕ್ರಿಯೇಟಿನ್ ಮೇಲೆ ದಶಕಗಳಿಂದ ನೂರಾರು ಅಧ್ಯಯನ ನಡೆದಿವೆ, ಬೇರೆ ಬೇರೆ ದೇಶದವರು ಮಾಡಿದ್ದಾರೆ. ಜಿಎಎ ವಿಷಯದಲ್ಲಿ ಮನುಷ್ಯರ ಮೇಲಿನ ಕೆಲಸ ಬಹುಪಾಲು ಒಂದೇ ತಂಡದ್ದು, ಸಣ್ಣ ಗುಂಪಿನದ್ದು, ಕೆಲವು ವಾರ ಅಥವಾ ತಿಂಗಳುಗಳದ್ದು. ಒಳ್ಳೆಯ ಪುರಾವೆ ಹೆಚ್ಚಾಗಿ ಇರುವುದು ಕೋಳಿ ಸಾಕಣೆಯಲ್ಲಿ. ಧಾನ್ಯದ ಆಹಾರದಲ್ಲಿ ಕ್ರಿಯೇಟಿನ್ ಇರುವುದಿಲ್ಲ ಅಂತ ಬ್ರಾಯ್ಲರ್ ಕೋಳಿಯ ಫೀಡ್‌ಗೆ ಜಿಎಎ ಸೇರಿಸುತ್ತಾರೆ, ಯುರೋಪ್ ಮತ್ತು ಅಮೆರಿಕ ಎರಡೂ ಕಡೆ ಅನುಮತಿ ಇದೆ. "ಪಕ್ಕಾ ವೆಜ್" ಅಂದ ಹುಡುಗನಿಗೆ ಇದನ್ನು ಹೇಳಿದಾಗ ಅವನ ಮುಖ ನೋಡಬೇಕಿತ್ತು.

ಇನ್ನು ಕ್ರಿಯೇಟಿನ್ ಈಥೈಲ್ ಎಸ್ಟರ್ ಅಂತ ಬಂದರೆ ಮುಟ್ಟಬೇಡಿ. 2009ರ ಅಧ್ಯಯನದಲ್ಲಿ ಅದು ರಕ್ತದಲ್ಲಿ ಕ್ರಿಯೇಟಿನಿನ್, ಅಂದರೆ ಕ್ರಿಯೇಟಿನ್‌ನಿಂದ ಆಗುವ ತ್ಯಾಜ್ಯ, ಏರಿಸಿತೇ ಹೊರತು ಮಾಮೂಲಿ ಕ್ರಿಯೇಟಿನ್‌ಗಿಂತ ಒಳ್ಳೆಯದು ಅಂತ ಕಾಣಲಿಲ್ಲ.

ಜಿಎಎಯೇ ಬೇಕು ಅನ್ನುವವರು ಡಬ್ಬಿಯ ಹಿಂದೆ ಅದರ ತೂಕ ಬೇರೆಯಾಗಿ ಬರೆದಿದ್ದಾರೋ ನೋಡಿ. "ಮಿಶ್ರಣ 5 ಗ್ರಾಂ" ಅಂತ ಮಾತ್ರ ಇದ್ದರೆ ಬಿಟ್ಟುಬಿಡಿ. ಬೀಟೇನ್, ಬಿ12, ಫೋಲೇಟ್ ಜೊತೆಗಿರಲಿ. ಮೊದಲು ಹೋಮೊಸಿಸ್ಟೀನ್ ಮತ್ತು ಬಿ12 ಪರೀಕ್ಷೆ ಮಾಡಿಸಿ, ಎರಡು ತಿಂಗಳಿಗೆ ಮತ್ತೆ ಮಾಡಿಸಿ. ನಾನೀಗ ದಿನಕ್ಕೆ 3 ಗ್ರಾಂ ಮಾಮೂಲಿ ಮೊನೊಹೈಡ್ರೇಟ್‌ಗೆ ಬಂದಿದ್ದೇನೆ. ಖರ್ಚೂ ಕಮ್ಮಿ. ಕ್ರಿಯೇಟಿನ್ ತಗೊಳ್ಳುತ್ತಿದ್ದರೆ ಕಿಡ್ನಿ ಪರೀಕ್ಷೆಯಲ್ಲಿ ಕ್ರಿಯೇಟಿನಿನ್ ಸ್ವಲ್ಪ ಜಾಸ್ತಿ ಬರಬಹುದು, ರಕ್ತ ಕೊಡುವ ಮೊದಲು ಡಾಕ್ಟರಿಗೆ ಹೇಳಿಬಿಡಿ.