ಸಾರ್ವಜನಿಕ ವೈಫೈಗೆ ವಿಪಿಎನ್: ಮೂರನ್ನು ಬಳಸಿ ನೋಡಿದ ಮೇಲೆ

ನಮ್ಮ ಇಂಟರ್‌ನೆಟ್ ಸಂಚಾರವನ್ನು ಗೂಢಲಿಪಿಯಲ್ಲಿ ಬೇರೊಂದು ಕಂಪನಿಯ ಸರ್ವರ್ ಮೂಲಕ ಕಳಿಸುವ ವಿಪಿಎನ್ ಅನ್ನು ಕೆಫೆಯ ವೈಫೈಯಲ್ಲಿ ಹಾಕಿಕೊಂಡರೆ, ನಾವು ಯಾವ ಜಾಲತಾಣಕ್ಕೆ ಹೋಗುತ್ತಿದ್ದೇವೆ ಎಂಬುದು ಕೆಫೆಯವರಿಗೆ ಕಾಣುವುದಿಲ್ಲ. ಅದರ ಬದಲು ವಿಪಿಎನ್ ಕಂಪನಿಗೆ ಕಾಣುತ್ತದೆ. ಪಾಸ್‌ವರ್ಡ್‌ಗಳನ್ನು ಜಾಲತಾಣಗಳೇ ಬಳಸುವ ಗೂಢಲಿಪಿ ವ್ಯವಸ್ಥೆಯಾದ ಎಚ್‌ಟಿಟಿಪಿಎಸ್ ಹೇಗೂ ಕಾಪಾಡುತ್ತಿರುವುದರಿಂದ, ಇಲ್ಲಿ ಉಳಿಯುವ ಪ್ರಶ್ನೆ ಆ ಕಂಪನಿಯನ್ನು ಎಷ್ಟು ನಂಬಬಹುದು ಎಂಬುದೇ. ಹಾಗಾಗಿ ವೇಗಕ್ಕಿಂತ ಮೊದಲು ಅದರ ಆದಾಯದ ಮೂಲವನ್ನು ನೋಡುತ್ತಾ ಮೂರು ವಿಪಿಎನ್‌ಗಳನ್ನು ನನ್ನ ಆಂಡ್ರಾಯ್ಡ್ ಫೋನಿನಲ್ಲಿ ಬಳಸಿದೆ.

ಮೊದಲನೆಯದು, ಪ್ಲೇ ಸ್ಟೋರಿನಲ್ಲಿ ಒಳ್ಳೆಯ ರೇಟಿಂಗ್ ಇದ್ದ ಒಂದು ಉಚಿತ ಆ್ಯಪ್. ಸಂಪರ್ಕ ಕೊಡುವ ಮೊದಲೇ ಜಾಹೀರಾತು ತೋರಿಸಿ, ಲೊಕೇಶನ್ ಅನುಮತಿ ಕೇಳಿತು. ಅದನ್ನು ಆನ್ ಮಾಡಿ, ಸೋರಿಕೆ ಪರೀಕ್ಷಿಸುವ dnsleaktest.com ತೆರೆದಾಗ ಕೆಫೆಗೆ ಇಂಟರ್‌ನೆಟ್ ಕೊಡುವ ಕಂಪನಿಯ ಹೆಸರೇ ಬಂತು. ಅಂದರೆ ಜಾಲತಾಣಗಳ ವಿಳಾಸ ಹುಡುಕುವ ಕೋರಿಕೆಗಳು ವಿಪಿಎನ್‌ನ ಹೊರಗಿನಿಂದಲೇ ಹೋಗುತ್ತಿದ್ದವು. ಇಂಥ ಆ್ಯಪ್‌ಗಳು ಅಪರೂಪವೇನಲ್ಲ. 2016ರಲ್ಲಿ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಶೋಧಕರೂ ಇತರರೂ ಸೇರಿ 283 ಆಂಡ್ರಾಯ್ಡ್ ವಿಪಿಎನ್ ಆ್ಯಪ್‌ಗಳನ್ನು ಪರೀಕ್ಷಿಸಿದಾಗ, ಅವುಗಳಲ್ಲಿ ಶೇ. 18ರಷ್ಟು ಆ್ಯಪ್‌ಗಳು ದತ್ತಾಂಶವನ್ನು ಗೂಢಲಿಪಿಗೆ ತರುತ್ತಲೇ ಇರಲಿಲ್ಲ. ಹೆಸರಾಂತ ಒಡೆಯರಿದ್ದರೂ ಭರವಸೆಯಿಲ್ಲ: 2013ರಲ್ಲಿ ಫೇಸ್‌ಬುಕ್ ಕೊಂಡುಕೊಂಡ ಒನಾವೊ ಕಂಪನಿಯ ವಿಪಿಎನ್ ಆ್ಯಪ್, ಜನರು ಬೇರೆ ಯಾವ ಆ್ಯಪ್‌ಗಳನ್ನು ಎಷ್ಟು ಬಳಸುತ್ತಾರೆಂದು ಗಮನಿಸಲು ನೆರವಾಗಿ, 2018ರಲ್ಲಿ ಆ್ಯಪಲ್‌ನ ಆ್ಯಪ್ ಸ್ಟೋರಿನಿಂದ ಹೊರಬಿತ್ತು.

ಎರಡನೆಯದು ಪ್ರೋಟಾನ್ ವಿಪಿಎನ್‌ನ ಉಚಿತ ಆವೃತ್ತಿ. ಹಣ ಕೊಡುವ ಚಂದಾದಾರರಿಂದಲೇ ಇದರ ಖರ್ಚು ನಡೆಯುತ್ತದೆ, ಜಾಹೀರಾತಿಲ್ಲ, ಡೇಟಾ ಮಿತಿಯಿಲ್ಲ, ಆ್ಯಪ್‌ಗಳ ಕೋಡ್ ಯಾರಾದರೂ ಓದುವಂತೆ ತೆರೆದಿದೆ. ಒಂದೇ ಸಾಧನದಲ್ಲಿ ಬಳಸಬೇಕು, ದೇಶವನ್ನು ನಾವು ಆರಿಸುವಂತಿಲ್ಲ. ವೈಫೈ ಸುರಕ್ಷತೆಯಷ್ಟೇ ಬೇಕಾದವರಿಗೆ ಇದರಿಂದ ನಷ್ಟವಿಲ್ಲ. ಗ್ರಾಹಕರ ಹೆಸರು, ವಿಳಾಸಗಳನ್ನು 5 ವರ್ಷ ಇಟ್ಟುಕೊಳ್ಳಬೇಕೆಂದು ಭಾರತ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರಲ್ಲಿ ಆದೇಶಿಸಿದಾಗ, ಈ ಕಂಪನಿ ಭಾರತದಲ್ಲಿದ್ದ ತನ್ನ ಸರ್ವರ್‌ಗಳನ್ನೇ ತೆಗೆದುಹಾಕಿತು.

ಮೂರನೆಯದು ಸ್ವೀಡನ್ನಿನ ಮುಲ್ವಾಡ್, ತಿಂಗಳಿಗೆ 5 ಯೂರೋ. ಇಮೇಲ್ ಕೂಡ ಕೇಳದೆ 16 ಅಂಕಿಗಳ ಖಾತೆ ಸಂಖ್ಯೆಯೊಂದನ್ನು ಕೊಡುತ್ತದೆ. ಅದನ್ನು ಬರೆದಿಟ್ಟುಕೊಳ್ಳದಿದ್ದರೆ ಖಾತೆ ಕಳೆದಂತೆಯೇ. 2023ರ ಏಪ್ರಿಲ್‌ನಲ್ಲಿ ಪೊಲೀಸರು ಶೋಧನಾ ವಾರಂಟ್ ಹಿಡಿದು ಇದರ ಗೋಥೆನ್‌ಬರ್ಗ್ ಕಚೇರಿಗೆ ಬಂದಿದ್ದರು, ಗ್ರಾಹಕರ ಮಾಹಿತಿಯೇ ಇಲ್ಲದ್ದರಿಂದ ಬರಿಗೈಯಲ್ಲಿ ಮರಳಿದರು. ನನ್ನ ಮಟ್ಟಿಗೆ ಯಾವ ಜಾಹೀರಾತಿಗಿಂತಲೂ ಇದು ಗಟ್ಟಿ ಸಾಕ್ಷಿ.

ಸೋರಿಕೆ ಪರೀಕ್ಷೆಯಲ್ಲಿ ಕೊನೆಯ ಎರಡೂ ತೇರ್ಗಡೆಯಾದವು. ಒಂದು ತೊಡಕು ಮಾತ್ರ ಎರಡಕ್ಕೂ ಸಮಾನ: ಆಂಡ್ರಾಯ್ಡ್‌ನಲ್ಲಿ ವಿಪಿಎನ್ ಇಲ್ಲದ ಸಂಪರ್ಕವನ್ನು ತಡೆಯುವ Block connections without VPN ಎಂಬ ಸೆಟ್ಟಿಂಗ್ ಆನ್ ಇದ್ದರೆ, ವೈಫೈಯವರು ಒಟಿಪಿ ಕೇಳುವ ಪುಟ ಕೆಲವೊಮ್ಮೆ ತೆರೆಯುವುದೇ ಇಲ್ಲ. ಆಗ ಅದನ್ನು ಆಫ್ ಮಾಡಿ, ಲಾಗಿನ್ ಮುಗಿಸಿ, ಮತ್ತೆ ಆನ್ ಮಾಡಬೇಕಾಗುತ್ತದೆ. ವಾರಕ್ಕೊಮ್ಮೆ ಕೆಫೆಗೆ ಹೋಗುವವರು ಪ್ರೋಟಾನ್‌ನ ಉಚಿತ ಆವೃತ್ತಿಯಲ್ಲೇ ಉಳಿಯಬಹುದು. ದಿನವೂ ಹೊರಗೆ ಕೂತು ಕೆಲಸ ಮಾಡುವ ನಾನು ಮುಲ್ವಾಡ್‌ಗೆ ಹಣ ಕೊಡುತ್ತಿದ್ದೇನೆ.