ಎರಡು ವರ್ಷದ ಬಳಕೆ: ಸೋಮವಾರದ ಪೈಪ್‌ಲೈನ್ ಮೀಟಿಂಗಿಗೆ ಗೂಗಲ್ ಶೀಟ್ಸ್ ಸಾಕೇ?

ನಾಲ್ಕು ಜನರ ಸೇಲ್ಸ್ ತಂಡ, ನಲವತ್ತರ ಆಸುಪಾಸಿನ ಡೀಲುಗಳು, ಮಾರುವುದು ಫ್ಯಾಕ್ಟರಿಗಳಿಗೆ ಏರ್ ಕಂಪ್ರೆಸರ್. ಈ ಅಳತೆಗೆ ಗೂಗಲ್ ಶೀಟ್ಸ್ ಸಾಕು, ಆದರೆ ಕಾಲಂಗಳನ್ನು ಸರಿಯಾಗಿ ಆರಿಸಿಕೊಂಡರೆ ಮಾತ್ರ.

ಹೆಚ್ಚಿನವರು ಇಡುವ ಕಾಲಂ ‘ಕೊನೆಯ ಫಾಲೋಅಪ್’. ದಾರಿ ತಪ್ಪುವುದು ಅಲ್ಲೇ. ಸೇಲ್ಸ್‌ನವರು ವಾರಕ್ಕೊಂದು ಫೋನ್ ಮಾಡಿ ತಾರೀಖು ಹಾಕುತ್ತಾರೆ, ಡೀಲು ಎರಡು ತಿಂಗಳಿಂದ ಕದಲದಿದ್ದರೂ ಶೀಟಿನಲ್ಲಿ ತಾಜಾ ಕಾಣುತ್ತದೆ. ಅದರ ಬದಲು ಗ್ರಾಹಕರು ಕೊನೆಯ ಸಲ ಏನಾದರೂ ಮಾಡಿದ ದಿನ ಬರೆಯಿರಿ: ಡ್ರಾಯಿಂಗ್ ಕಳಿಸಿದರು, ಪ್ಲಾಂಟಿಗೆ ಕರೆದರು, ಕೊಟೇಶನ್ ಮೇಲೆ ಪ್ರಶ್ನೆ ಕೇಳಿದರು. ನಾವು ಮಾಡಿದ ಫೋನು ಇದರಲ್ಲಿ ಲೆಕ್ಕಕ್ಕಿಲ್ಲ.

ನಮ್ಮ `Deals` ಹಾಳೆಯಲ್ಲಿ D ಹಂತ, F ಗ್ರಾಹಕರ ಕೊನೆಯ ಹೆಜ್ಜೆ, G ಮುಂದಿನ ಹೆಜ್ಜೆಗೆ ಒಪ್ಪಿದ ದಿನ, H ಪಿಒ ನಿರೀಕ್ಷೆಯ ದಿನ. ನಿಂತ ಡೀಲುಗಳನ್ನು ಇನ್ನೊಂದು ಹಾಳೆಗೆ ಎಳೆಯುವುದು ಈ ಸೂತ್ರ:

```
=FILTER(Deals!A2:H, Deals!A2:A<>"", Deals!D2:D<>"Closed",
 (TODAY()-Deals!F2:F>14)+(Deals!G2:G<TODAY())>0)
```

ಹದಿನಾಲ್ಕು ದಿನ ದಾಟಿದ್ದು, ಇಲ್ಲವೇ ಒಪ್ಪಿದ ದಿನ ಕಳೆದಿದ್ದು, ಎರಡೂ ಬರುತ್ತವೆ. ಖಾಲಿ ಕೋಶವನ್ನು ಶೀಟ್ಸ್ ಸೊನ್ನೆ ಎಂದೇ ಎಣಿಸುವುದರಿಂದ, ಮುಂದಿನ ಹೆಜ್ಜೆ ಬರೆಯದ ಡೀಲೂ ತಪ್ಪಿಸಿಕೊಳ್ಳುವುದಿಲ್ಲ. ಸರ್ಕಾರಿ ಟೆಂಡರುಗಳನ್ನು ಮಾತ್ರ ಬೇರೆ ಹಾಳೆಯಲ್ಲಿಡಿ. ಅಲ್ಲಿ ಎರಡು ತಿಂಗಳ ಮೌನ ಮಾಮೂಲು, ಇಲ್ಲಿ ಸೇರಿಸಿದರೆ ಪಟ್ಟಿ ಅವುಗಳಿಂದಲೇ ತುಂಬಿಹೋಗುತ್ತದೆ.

ಇದರಲ್ಲಿ ಸದ್ದಿಲ್ಲದೆ ಕೆಡುವುದು ತಾರೀಖು. ಶೀಟಿನ `File > Settings > Locale` ಅಮೆರಿಕದ್ದಾಗಿದ್ದರೆ 25/03/2025 ಎಂದು ಟೈಪ್ ಮಾಡಿದ್ದು ತಾರೀಖಾಗದೆ ಬರೀ ಅಕ್ಷರವಾಗಿ ಉಳಿಯುತ್ತದೆ, 05/03/2025 ಮೇ 3 ಆಗುತ್ತದೆ. ಅಂಥ ಸಾಲು ಎರರ್ ತೋರಿಸದೆ ಪಟ್ಟಿಯಿಂದಲೇ ಮಾಯವಾಗಬಹುದು. ‘ಈ ವಾರ ನಿಂತ ಡೀಲು ಕಡಿಮೆ’ ಎಂದು ಖುಷಿಪಡುವ ಮುಂಚೆ ಕಾಲಂ ನೋಡಿ: ಅಲೈನ್‌ಮೆಂಟ್ ಮುಟ್ಟದಿದ್ದರೆ ನಿಜವಾದ ತಾರೀಖು ಕೋಶದ ಬಲಕ್ಕೆ ನಿಲ್ಲುತ್ತದೆ, ಅಕ್ಷರ ಎಡಕ್ಕೆ. ಲೊಕೇಲನ್ನು `India` ಮಾಡಿ, F, G, H ಮೂರಕ್ಕೂ ತಾರೀಖಿನ ಡೇಟಾ ವ್ಯಾಲಿಡೇಶನ್ ಹಾಕಿಬಿಡಿ.

ಪಟ್ಟಿ ಶನಿವಾರ ಸಂಜೆಯೇ ಎಲ್ಲರ ಕೈಸೇರಬೇಕು. ಸೋಮವಾರ ಅರ್ಧ ಗಂಟೆ ಮೀಟಿಂಗ್, ದೊಡ್ಡ ಮೊತ್ತದ ಎಂಟು ಡೀಲು ಮಾತ್ರ. ಚೆನ್ನಾಗಿ ಓಡುತ್ತಿರುವ ಡೀಲಿನ ವರದಿ ಯಾರೂ ಓದಬಾರದು, ಅರ್ಧ ಸಮಯ ತಿನ್ನುವುದೇ ಅದು.

ಒಂದು ಉದಾಹರಣೆ. ದಾಬಸ್‌ಪೇಟೆಯ ಆಹಾರ ಘಟಕವೊಂದಕ್ಕೆ 37 ಕಿಲೋವ್ಯಾಟ್ ಸ್ಕ್ರೂ ಕಂಪ್ರೆಸರ್, ಹಂತ ‘ನೆಗೋಶಿಯೇಶನ್’. ಗ್ರಾಹಕರ ಕೊನೆಯ ಹೆಜ್ಜೆಗೆ 26 ದಿನ. ಡೀಲು ನೋಡುವವರ ಉತ್ತರ: “ಎಂಡಿ ಊರಲ್ಲಿಲ್ಲ ಸರ್, ಮುಂದಿನ ವಾರ ಪಿಒ ಗ್ಯಾರಂಟಿ.” H ಕೋಶದ ಮೇಲೆ ರೈಟ್ ಕ್ಲಿಕ್ ಮಾಡಿ `Show edit history` ತೆರೆದರೆ ಆ ‘ಮುಂದಿನ ವಾರ’ ಮೂರು ಸಲ ಮುಂದೆ ಹೋಗಿರುವುದು ಕಾಣುತ್ತದೆ. ಆಗ ಕೇಳಬೇಕಾದ್ದು ಪಿಒ ಯಾವಾಗ ಅಂತಲ್ಲ, ಮೆಷಿನ್ ಬಂದು ಇಳಿದರೆ ನಾಳೆ ಚಾಲೂ ಮಾಡಲು ಅವರಿಗೆ ಏನು ಬೇಕು ಅಂತ. ಪರ್ಚೇಸ್‌ನವರನ್ನು ಬಿಟ್ಟು ಮೆಂಟೆನೆನ್ಸ್‌ನವರಿಗೆ ಫೋನ್ ಮಾಡಿದಾಗ ನಿಜ ಹೊರಬರುತ್ತದೆ: ಘಟಕಕ್ಕೆ ಮಂಜೂರಾದ ವಿದ್ಯುತ್ ಲೋಡು ಸಾಲದು, ಹೆಚ್ಚುವರಿ ಲೋಡಿಗೆ ಬೆಸ್ಕಾಂನಲ್ಲಿ ಇನ್ನೂ ಅರ್ಜಿಯನ್ನೇ ಹಾಕಿಲ್ಲ. ರಿಯಾಯಿತಿ ಇನ್ನೆರಡು ಪರ್ಸೆಂಟ್ ಕೊಟ್ಟರೂ ಈ ಡೀಲು ಕದಲುವುದಿಲ್ಲ. ಇದು ‘ವಿಚಾರಣೆ’ ಹಂತಕ್ಕೆ ವಾಪಸ್, ಈ ತ್ರೈಮಾಸಿಕದ ಲೆಕ್ಕದಿಂದ ಹೊರಗೆ. G ಕಾಲಂನಲ್ಲಿ ಅವರು ಅರ್ಜಿ ಹಾಕುವ ದಿನ.

ಹೀಗೆ ಪ್ರತಿ ಡೀಲಿಗೂ ಮೂರರಲ್ಲಿ ಒಂದು ತೀರ್ಮಾನ ಆಗಲೇಬೇಕು: ಗ್ರಾಹಕರೇ ಒಪ್ಪಿದ ಹೊಸ ದಿನ, ಹಿಂದಿನ ಹಂತ, ಅಥವಾ ಕ್ಲೋಸ್. ‘ಫಾಲೋಅಪ್ ಮಾಡ್ತೀನಿ’ ಎಂಬ ಉತ್ತರವನ್ನು ಶೀಟಿನಲ್ಲಿ ಬರೆಯಲು ಜಾಗವೇ ಇಲ್ಲ, ಇರಲೂಬಾರದು.

ಹದಿನಾಲ್ಕು ದಿನ ಎಂಬುದು ಶುರುವಿಗೆ ಮಾತ್ರ. ಗೆದ್ದ ಡೀಲು ಇಪ್ಪತ್ತಾದ ಮೇಲೆ, ಗ್ರಾಹಕರ ಒಂದು ಹೆಜ್ಜೆಗೂ ಇನ್ನೊಂದಕ್ಕೂ ನಡುವೆ ಅವುಗಳಲ್ಲಿ ಸಾಮಾನ್ಯವಾಗಿ ಎಷ್ಟು ದಿನ ಹಿಡಿದಿತ್ತು ನೋಡಿ, ಅದರ ಎರಡರಷ್ಟನ್ನು ಮಿತಿ ಮಾಡಿಕೊಳ್ಳಿ. ಈ ದಿನಗಳನ್ನು ಮಾತ್ರ ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, F ಕಾಲಂ ಕೊನೆಯದನ್ನಷ್ಟೇ ಉಳಿಸಿಕೊಳ್ಳುತ್ತದೆ.

ಕೊರತೆ ಎಂದರೆ, ಎಡಿಟ್ ಹಿಸ್ಟರಿಯನ್ನು ಒಂದೊಂದೇ ಕೋಶ ತೆರೆದು ನೋಡಬೇಕು. ದಿನ ಎಷ್ಟು ಸಲ ಮುಂದೆ ಹೋಯಿತು ಎಂಬ ಎಣಿಕೆ ತಾನಾಗಿ ಸಿಗುವುದಿಲ್ಲ. ಡೀಲುಗಳು ನೂರು ದಾಟಿದರೆ ಇದಕ್ಕಾಗಿಯೇ ಸಿಆರ್‌ಎಂಗೆ ದುಡ್ಡು ಹಾಕಬಹುದು. ಅಲ್ಲಿಯವರೆಗೆ ಐದಕ್ಕೆ ನಾಲ್ಕು.